ಮಡಿಕೇರಿಯಲ್ಲಿ ನೀರು 96ಕ್ಕೇ ಕುದಿಯಿತು

"ಮೇಡಂ, ಥರ್ಮಾಮೀಟರ್ ಕೆಟ್ಟಿದೆ."

ಮಂಗಳವಾರ ಲ್ಯಾಬಿನಲ್ಲಿ ಆ ಹುಡುಗಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಬೀಕರಿನಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಪಾದರಸ ಮಾತ್ರ 96ರ ಹತ್ತಿರ ನಿಂತುಬಿಟ್ಟಿತ್ತು. ಅಟೆಂಡರ್ ಅಣ್ಣ ಬಗ್ಗಿ ನೋಡಿ, "ಇಲ್ಲಿ ಯಾವಾಗ್ಲೂ ಇಷ್ಟೇ ಬರೋದು. ನೂರು ಅಂತ ಬರ್ಕೊಳಮ್ಮ" ಅಂದರು. ತುಂಬಾ ಒಳ್ಳೆಯ ಮನುಷ್ಯ. ಆದರೂ ಆ ಮಾತು ನನಗೆ ನೋವು ತಂದಿತು. ಇಷ್ಟು ವರ್ಷ ಸರಿಯಾದ ಉತ್ತರ ಕಣ್ಣೆದುರೇ ಬಂದಿದೆ, ನಾವು ಅದನ್ನು ಹೊಡೆದು ಹಾಕಿಸಿದ್ದೇವೆ.

ಪ್ರಯೋಗಕ್ಕೆ ಮೊದಲೇ ಬರೆದು ತರಬೇಕಾದ ಅವಳ ಪ್ರೀ-ಲ್ಯಾಬ್ ತೆರೆದು ನೋಡಿದೆ. ಉದ್ದೇಶ ಇತ್ತು. ಸಿದ್ಧಾಂತ ನಾಲ್ಕು ಸಾಲು, ಮುದ್ದಾದ ಅಕ್ಷರ. 'ನೀರಿನ ಆವಿಯ ಒತ್ತಡ ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮವಾದಾಗ ನೀರು ಕುದಿಯುತ್ತದೆ.' ಅದರ ಕೆಳಗೇ ಊಹೆ: 100 ಡಿಗ್ರಿ. ಸುತ್ತಲಿನ ಗಾಳಿ ಅಂತ ಬರೆದ ಕೈ, ಆ ಗಾಳಿ ಯಾವ ಊರಿನದು ಅಂತ ಕೇಳಿಕೊಂಡಿರಲಿಲ್ಲ. ಅವಳನ್ನು ಬೈಯಲು ಮನಸ್ಸು ಬರಲಿಲ್ಲ. ಪ್ರೀ-ಲ್ಯಾಬ್ ಅಂದರೆ ಸಹಿಗೆ ತೋರಿಸೋ ಪುಟ ಅಂತ ಕಲಿಸಿದ್ದು ನಾವೇ ಅಲ್ವಾ?

ಇಬ್ಬರೂ ಕೂತು ಆ ಸಾಲಿನಿಂದಲೇ ಲೆಕ್ಕ ಹಾಕಿದೆವು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್, ಇಲ್ಲಿ ಸುಮಾರು 88. ಒತ್ತಡ ಕಡಿಮೆಯಾದರೆ ಆವಿ ಬೇಗ ಅದಕ್ಕೆ ಸಮವಾಗುತ್ತದೆ. ಅಂದಾಜಿಗೆ 300 ಮೀಟರ್ ಏರಿದರೆ 1 ಡಿಗ್ರಿ ಇಳಿಯುತ್ತದೆ. ಹಾಗಾದರೆ ಇಲ್ಲಿ 96ರ ಆಸುಪಾಸು.

ಅವಳು 100 ಅನ್ನು ಅಳಿಸಲು ಹೊರಟಳು. "ಬೇಡ, ಒಂದು ಗೆರೆ ಎಳಿ. ಕೆಳಗೆ ಹೊಸದು ಬರೆದು, ಪ್ರಯೋಗದ ನಂತರ ಬರೆದದ್ದು ಅಂತ ಸೇರಿಸು" ಅಂದೆ.

ಆದರೆ ಥರ್ಮಾಮೀಟರ್ ಮೇಲಿನ ಅವಳ ಅನುಮಾನ ತಪ್ಪೇನಲ್ಲ. ಅದನ್ನು ಪರೀಕ್ಷಿಸುವ ಮೊದಲೂ ಊಹೆ ಬರೆಯಬಹುದು. ನಾಲ್ಕು ಡಿಗ್ರಿ ಕಡಿಮೆ ತೋರಿಸೋ ಥರ್ಮಾಮೀಟರ್ ಆಗಿದ್ದರೆ, ಕರಗುತ್ತಿರುವ ಐಸಿನಲ್ಲೂ ಸೊನ್ನೆಗಿಂತ ಕೆಳಗೆ ಇಳಿಯಬೇಕು. ಬರೆದಳು, ಆಮೇಲೆ ಐಸ್ ಪುಡಿ ಮಾಡಿ ಇಟ್ಟಳು. ಸೊನ್ನೆಗೇ ನಿಂತಿತು. ಕೆಳಗೆ ಸರಿ ಇದ್ದದ್ದು ಮೇಲೆ ತಪ್ಪಿರಬಹುದು, ಅದಕ್ಕೆ ಇನ್ನೊಂದು ಥರ್ಮಾಮೀಟರನ್ನೂ ಕುದಿಯುವ ನೀರಿಗೆ ಇಳಿಸಿದೆವು, ಬಲ್ಬು ಬೀಕರಿನ ತಳಕ್ಕೆ ತಾಗದ ಹಾಗೆ. 96.5.

ಆಗ ಅವಳ ಮುಖ ನೋಡಬೇಕಿತ್ತು. "ಕೆಟ್ಟಿದೆ" ಅಂದ ಅದೇ ಹುಡುಗಿ ಥರ್ಮಾಮೀಟರನ್ನು ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಿದ್ದಳು.

"ಮೇಡಂ, ರಜೆಗೆ ಮಂಗಳೂರಿಗೆ ದೊಡ್ಡಮ್ಮನ ಮನೆಗೆ ಹೋಗ್ತೀನಿ. ಇದನ್ನ ಕೊಡ್ತೀರಾ?"

"ಕೊಡ್ತೀನಿ. ಅಲ್ಲಿ ಎಷ್ಟು ಬರುತ್ತೆ, ಯಾಕೆ ಅಂತ ಮೊದಲು ಬರೆದು ತಾ."

ನಿಂತಲ್ಲೇ ಪೆನ್ನು ತೆಗೆದಳು.