ವರಗು ಬೇರೆ, ಬರಗು ಬೇರೆ

ಬೆಂಗಳೂರಿನ ಒಂದು ಸಣ್ಣ ಆನ್‌ಲೈನ್ ಅಂಗಡಿಯಲ್ಲಿ ನನ್ನ ಕೆಲಸ. ಸಿರಿಧಾನ್ಯ, ಬೇಳೆಕಾಳು, ಗಾಣದ ಎಣ್ಣೆ ಮಾರುತ್ತೇವೆ. ಸಾಮಾನುಗಳ ಹೆಸರು, ಚಿತ್ರ, ವಿವರ ಬರೆಯುವವನು ನಾನೇ ಆದ್ದರಿಂದ, ಜಾಲತಾಣದ ಹುಡುಕು ಪೆಟ್ಟಿಗೆಯೂ ನನ್ನ ತಲೆಗೇ ಬಂತು.

ಮೊದಲ ತಿಂಗಳು ಕೆಲಸ ಸುಲಭವೆನಿಸಿತು. ಗ್ರಾಹಕರು ಹುಡುಕಿ ಏನೂ ಸಿಗದೆ ಹೋದ ಪದಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಹುಬ್ಬಳ್ಳಿ, ಧಾರವಾಡದ ಕಡೆಯವರು ಗುರೆಳ್ಳು ಎಂದು ಹುಡುಕುತ್ತಿದ್ದರು. ನಮ್ಮಲ್ಲಿ ಇದ್ದದ್ದು ಹುಚ್ಚೆಳ್ಳು. ಎರಡೂ ಒಂದೇ ಕಾಳು. ನವಣೆಗೆ ತಮಿಳರು ತಿನೈ ಎನ್ನುತ್ತಾರೆ, ಹಿಂದಿಯವರು ಕಂಗನಿ ಎನ್ನುತ್ತಾರೆ. ಇಂಥ ಜೋಡಿಗಳನ್ನು ಸಮಾನಾರ್ಥಕ ಪದಗಳ ಕಡತಕ್ಕೆ ಸೇರಿಸಿದ ಹಾಗೆಲ್ಲ ಸಿಗದ ಪದಗಳ ಪಟ್ಟಿ ಚಿಕ್ಕದಾಗುತ್ತ ಬಂತು. ನಾನೂ ಬೀಗಿದೆ.

ಆ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ತಪ್ಪೊಂದಿದೆ ಎಂದು ತಿಳಿದದ್ದು ಒಂದು ಪೊಟ್ಟಣ ವಾಪಸು ಬಂದಾಗ. ತೆಲುಗು ಮಾತನಾಡುವ ಗ್ರಾಹಕರೊಬ್ಬರು `korralu` ಎಂದು ಹುಡುಕಿ, ಮೊದಲು ಕಂಡದ್ದನ್ನೇ ಕೊಂಡಿದ್ದರು. ಹೋಗಿದ್ದು ಕೊರಲೆ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಅನಂತಪುರದ ಕಡೆಯವರು. ಅವರು ಒಂದು ಅಂಗೈಯಲ್ಲಿ ಕೊರಲೆ, ಇನ್ನೊಂದು ಅಂಗೈಯಲ್ಲಿ ನವಣೆ ಸುರಿದುಕೊಂಡು ನನ್ನ ಮೇಜಿನ ಬಳಿ ಬಂದರು. ಒಂದು ಮಬ್ಬು ಬಣ್ಣದ್ದು, ಇನ್ನೊಂದು ಹಳದಿ. "ನಮ್ಮ ಕಡೆ ಕೊರ್ರಲು ಎಂದರೆ ನಿಮ್ಮ ನವಣೆ ಕಣಪ್ಪಾ. ಈ ಕೊರಲೆಯನ್ನು ನಾವು ಅಂಡು ಕೊರ್ರಲು ಎನ್ನುತ್ತೇವೆ. ಹೆಸರು ಕೇಳಿ ಕಾಳು ಕೊಟ್ಟರೆ ಹೀಗೇ ಆಗುವುದು."

ಕೊರಲೆ ಹೇಗೆ ಬಂತು? ಕಡತದಲ್ಲಿ ನಾನು ಹಾಗೆ ಬರೆದೇ ಇರಲಿಲ್ಲ. ಹುಡುಕಾಟಕ್ಕೆ ನಾವು ಬಳಸುವ ತಂತ್ರಾಂಶ ಎಲಾಸ್ಟಿಕ್‌ಸರ್ಚ್. ಅದರಲ್ಲಿ ಕಾಗುಣಿತದ ತಪ್ಪನ್ನು ಕ್ಷಮಿಸುವ ಏರ್ಪಾಡಿದೆ. `AUTO` ಎಂದು ಇಟ್ಟರೆ ಎರಡು ಅಕ್ಷರದವರೆಗಿನ ಪದ ಹಾಗೆಯೇ ಹೊಂದಬೇಕು. ಮೂರರಿಂದ ಐದು ಅಕ್ಷರದ ಪದದಲ್ಲಿ ಒಂದು ಅಕ್ಷರ ತಪ್ಪಿದರೆ ಸರಿ. ಅದಕ್ಕಿಂತ ಉದ್ದದ್ದರಲ್ಲಿ ಎರಡು ತಪ್ಪಿದರೂ ಸರಿ. `korralu` ಪದದಲ್ಲಿ ಒಂದು r ತೆಗೆದು, ಕೊನೆಯ u ಜಾಗದಲ್ಲಿ e ಇಟ್ಟರೆ `korale` ಆಗುತ್ತದೆ. ಎರಡೇ ಬದಲಾವಣೆ. ಯಂತ್ರದ ಪಾಲಿಗೆ ಗ್ರಾಹಕರು ಕೊರಲೆಯನ್ನೇ ತಪ್ಪಾಗಿ ಬರೆದಿದ್ದರು.

ಆ ಸಂಜೆ ಕುಳಿತು ಹುಡುಕಿದಾಗ ಇಂಥವೇ ಇನ್ನೆರಡು ಸಿಕ್ಕವು. ತಮಿಳಿನ ವರಗು ಎಂದರೆ ನಮ್ಮ ಹಾರಕ. ಕನ್ನಡದ ಬರಗು ಬೇರೆಯೇ ಧಾನ್ಯ, ಅದಕ್ಕೆ ತಮಿಳಿನಲ್ಲಿ ಪನಿವರಗು ಎನ್ನುತ್ತಾರೆ. `varagu` ಮತ್ತು `baragu` ನಡುವೆ ಒಂದೇ ಅಕ್ಷರದ ಅಂತರ. ಹಾಗೆಯೇ ನವರಾತ್ರಿಯ ಉಪವಾಸಕ್ಕೆ ಉತ್ತರದವರು ಕೇಳುವ ಸಮಾ ಅಕ್ಕಿ ನಮ್ಮ ಊದಲು. ನಮ್ಮಲ್ಲಿ `sama` ಎಂದು ಹುಡುಕಿದವರಿಗೆ ಕಾಣುತ್ತಿದ್ದದ್ದು `Same` ಎಂದು ಹೆಸರಿಟ್ಟಿದ್ದ ಸಾಮೆ. ಮೂರೂ ಕಡೆ ಏನೋ ಒಂದು ಸಿಗುತ್ತಿದ್ದುದರಿಂದ ಸಿಗದ ಪದಗಳ ಪಟ್ಟಿಗೆ ಬಂದಿರಲಿಲ್ಲ. ಹುಡುಕಿದ ಪದ, ಕೊನೆಗೆ ಕೊಂಡ ಸಾಮಾನು, ವಾಪಸು ಬಂದದ್ದು, ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇದು ಹೊರಬೀಳುತ್ತದೆ.

ಅಂದಿನಿಂದ ಪ್ರತಿ ಧಾನ್ಯಕ್ಕೂ ಮೊದಲು ಸಸ್ಯಶಾಸ್ತ್ರದ ಹೆಸರು ಗೊತ್ತುಮಾಡಿಕೊಳ್ಳುತ್ತೇನೆ. ನವಣೆ ಸೆಟೇರಿಯಾ ಇಟಾಲಿಕಾ, ಹಾರಕ ಪಾಸ್ಪಾಲಮ್ ಸ್ಕ್ರಾಬಿಕ್ಯುಲೇಟಮ್, ಬರಗು ಪ್ಯಾನಿಕಮ್ ಮಿಲಿಯೇಸಿಯಮ್. ಆಡುಮಾತಿನ ಹೆಸರುಗಳು ಆ ಗೂಟಕ್ಕೆ ಕಟ್ಟಿದ ಹಸುಗಳು. ಹೊಸ ಹೆಸರು ಬಂದರೆ ಯಾವ ಭಾಷೆಯದು, ಯಾವ ಗೂಟದ್ದು ಎಂದು ಬರೆಯದೆ ಕಡತಕ್ಕೆ ಸೇರಿಸುವುದಿಲ್ಲ. ಗ್ರಾಹಕರು ಈ ಲ್ಯಾಟಿನ್ ಹೆಸರನ್ನು ಎಂದೂ ಹುಡುಕುವುದಿಲ್ಲ. ಅದು ನಮಗೆ ಮಾತ್ರ.

ಕಡತದಲ್ಲಿ ಎರಡು ಬಗೆಯ ಸಾಲುಗಳಿವೆ. ಅಲ್ಪವಿರಾಮ ಹಾಕಿ ಬರೆದರೆ ಎಲ್ಲ ಪದಗಳೂ ಪರಸ್ಪರ ಸಮ. ಬಾಣ ಹಾಕಿದರೆ ಎಡಗಡೆಯ ಪದವನ್ನು ಎತ್ತಿ ಬಿಸಾಡಿ ಬಲಗಡೆಯದನ್ನು ಹುಡುಕುತ್ತದೆ. ಮೊದಲು ನಾನು ಎಲ್ಲಕ್ಕೂ ಅಲ್ಪವಿರಾಮವನ್ನೇ ಬಳಸುತ್ತಿದ್ದೆ. ಒಮ್ಮೆ ನವಣೆಯ ಸಾಲಿಗೆ ಸಿರಿಧಾನ್ಯ ಎಂಬ ಪದವನ್ನೂ ಸೇರಿಸಿ ಪೇಚಿಗೆ ಸಿಕ್ಕಿದ್ದೆ. ಆ ಪದ ಎಲ್ಲ ಪೊಟ್ಟಣಗಳ ವಿವರದಲ್ಲೂ ಇದ್ದುದರಿಂದ ನವಣೆ ಹುಡುಕಿದವರ ಮುಂದೆ ಇಡೀ ಗೋದಾಮು ಬಂದು ನಿಂತಿತ್ತು. ಜಾತಿಯ ಹೆಸರು ಬೇರೆ, ಸಮಾನಪದ ಬೇರೆ.

ದಾರಿ ತಪ್ಪಿಸುವ ಪದಗಳಿಗೆ ಈಗ ಬಾಣ ಬಳಸುತ್ತೇನೆ:

```
andu korralu => korale
korra, korralu => navane, korralu
varagu, arikelu => haraka
samak => oodalu
sama => oodalu, same
```

ಮೊದಲ ಸಾಲಿನಲ್ಲಿ ಎರಡು ಪದ ಇವೆ. ಉದ್ದದ ಹೊಂದಿಕೆಗೆ ಆದ್ಯತೆ ಇರುವುದರಿಂದ ಅಂಡು ಕೊರ್ರಲು ಎಂದವರಿಗೆ ಎರಡನೆಯ ಸಾಲು ಅಡ್ಡಬರುವುದಿಲ್ಲ. ಎರಡನೆಯ ಸಾಲಿನ ಬಲಗಡೆ `korralu` ಮತ್ತೆ ಏಕಿದೆ ಎಂದು ಕೇಳಬಹುದು. ಮೊದಲು ಇರಲಿಲ್ಲ. ಆಮೇಲೆ ಬಂದ ಆಂಧ್ರದ ಸರಬರಾಜುದಾರರೊಬ್ಬರ ನವಣೆಯ ಪೊಟ್ಟಣಕ್ಕೆ ಕೊರ್ರಲು ಎಂದೇ ಹೆಸರು, ನಾವೂ ಜಾಲತಾಣದಲ್ಲಿ ಹಾಗೆಯೇ ಹಾಕಿದೆವು. ಬಾಣ ಇದ್ದುದರಿಂದ, ಕೊರ್ರಲು ಎಂದು ಹುಡುಕಿದರೆ ಕೊರ್ರಲು ಎಂಬ ಹೆಸರಿನ ಪೊಟ್ಟಣವೇ ಮಾಯ! ಬಾಣ ಎಡಗಡೆಯದನ್ನು ನಿಜವಾಗಿಯೂ ಬಿಸಾಡುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಕೊರಲೆ ಹುಡುಕಿದವರಿಗೆ, ಅದೇ ಎರಡಕ್ಷರದ ಕ್ಷಮೆಯಿಂದಾಗಿ, ಆ ಕೊರ್ರಲು ಪೊಟ್ಟಣ ಕಾಣತೊಡಗಿತು. ಕೊನೆಗೆ ಇಡೀ ಅಂಗಡಿಗೇ ಕ್ಷಮೆಯನ್ನು ಒಂದೇ ಅಕ್ಷರಕ್ಕೆ ಇಳಿಸಿದೆ. `navne`, `navani` ಎಂದು ಬರೆಯುವವರಿಗೆ ಅಷ್ಟು ಸಾಕು. ತೀರ ತಪ್ಪಾಗಿ ಬರೆಯುವ ಕೆಲವರಿಗೆ ಈಗ ಏನೂ ಸಿಗುವುದಿಲ್ಲ. ತಪ್ಪು ಧಾನ್ಯ ಮನೆಗೆ ಹೋಗುವುದಕ್ಕಿಂತ ಅದು ವಾಸಿ; ಏಕೆಂದರೆ ಏನೂ ಸಿಗದವರ ಪದ ಮತ್ತೆ ನನ್ನ ವಾರದ ಪಟ್ಟಿಗೆ ಬಂದು ಬೀಳುತ್ತದೆ.

ಕನ್ನಡ ಲಿಪಿಯಲ್ಲಿ ಹುಡುಕುವವರ ತೊಂದರೆ ಬೇರೆ. ಕೊರಲೆಯ ಕೊ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉತ್ವದ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಯಂತ್ರಕ್ಕೆ ಬೇರೆಬೇರೆ. ಸಾಮಾನಿನ ಹೆಸರನ್ನೂ ಹುಡುಕಿದ ಪದವನ್ನೂ `NFC` ಎಂಬ, ಒಂದೇ ಸಂಕೇತದ ರೂಪಕ್ಕೆ ತಂದ ಮೇಲೆ ಆ ಕಾಟ ತಪ್ಪಿತು.

ಈಗ ಕಡತ ಮುಟ್ಟಿದಾಗಲೆಲ್ಲ ಒಂದು ಸಣ್ಣ ಪರೀಕ್ಷೆ ಓಡಿಸುತ್ತೇನೆ: ನಲವತ್ತು ಪದಗಳು, ಪ್ರತಿಯೊಂದಕ್ಕೂ ಮೊದಲು ಬರಬೇಕಾದ ಸಾಮಾನು, ಬರಲೇಬಾರದ ಸಾಮಾನು. ಎರಡನೆಯ ಕಾಲಂ ತುಂಬಿಸಿದ್ದು ಹೆಚ್ಚಾಗಿ ಪ್ಯಾಕಿಂಗ್‌ನ ಅಕ್ಕ. ಆ ಪರೀಕ್ಷೆಗೂ ಒಗ್ಗದ ಪದ ಮರಾಠಿಯ ವರಿ. ಕೆಲವರು ಅದನ್ನು ಸಾಮೆಗೆ ಹೇಳುತ್ತಾರೆ, ಕೆಲವರು ಊದಲಿಗೆ. ಅದಕ್ಕೆ ಸಮಾ ಪದಕ್ಕೆ ಮಾಡಿದ ಹಾಗೆಯೇ ಎರಡೂ ಪೊಟ್ಟಣಗಳನ್ನು, ಕಾಳಿನ ದೊಡ್ಡ ಚಿತ್ರದೊಂದಿಗೆ, ಅಕ್ಕಪಕ್ಕ ತೋರಿಸುತ್ತೇವೆ. ಯಾವುದನ್ನು ಆರಿಸುತ್ತಾರೆ ಎಂದು ಬರೆದಿಟ್ಟುಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಯಾವುದೇ ಒಂದರ ಕಡೆಗೆ ಮಾತ್ರ ಬಾಣ ಹಾಕಿಲ್ಲ.