ಸುರುಳಿಯ ಒಳಗೆ ಪೂರ್ವ, ಹೊರಗೆ ಪಶ್ಚಿಮ

ಮಡಿಕೇರಿಯ ಮಳೆಗಾಲದಲ್ಲಿ ಸ್ಥಿರ ವಿದ್ಯುತ್ತಿನ ಪ್ರಯೋಗ ಮಾಡಿದವರಿಗೇ ಗೊತ್ತು ಅದರ ಕಷ್ಟ. ಹರಳೆಣ್ಣೆ ಮೇಲೆ ರವೆ ಉದುರಿಸಿ, ಎರಡು ತಂತಿ ತುದಿಗೆ ಹೈ ವೋಲ್ಟೇಜ್ ಕೊಟ್ಟರೆ ರವೆ ಕಾಳು ಸಾಲುಗಟ್ಟಿ ವಿದ್ಯುತ್ ಕ್ಷೇತ್ರದ ಗೆರೆ ತೋರಿಸಬೇಕು. ಜುಲೈನಲ್ಲಿ ಎಲ್ಲಿ ತೋರಿಸುತ್ತದೆ? ಲ್ಯಾಬಿನ ಎಲ್ಲ ವಸ್ತುಗಳ ಮೇಲೂ ತೇವ, ಚಾರ್ಜೆಲ್ಲ ಅದರ ಮೇಲೇ ಜಾರಿ ಹೋಗುತ್ತಿತ್ತು. ಮ್ಯಾಗ್ನೆಟ್ಟಿಗೆ ಆ ರಗಳೆ ಇಲ್ಲ. ಕಬ್ಬಿಣದ ಪುಡಿ ತುಕ್ಕು ಹಿಡಿದು ಗಂಟಾಗುತ್ತಿತ್ತು ಅಷ್ಟೇ, ಕಾಂತಕ್ಷೇತ್ರ ಮಾತ್ರ ಮಳೆಗೆ ಕ್ಯಾರೇ ಅನ್ನುತ್ತಿರಲಿಲ್ಲ.

ಬಿಸಿಲು ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಚಿತ್ರ ಹೆಚ್ಚುಕಡಿಮೆ ಒಂದೇ! ಒಂದು ಕಡೆಯಿಂದ ಹೊರಟು, ಬಳಸಿ, ಇನ್ನೊಂದು ಕಡೆ ಸೇರುವ ಕಮಾನುಗಳು. ಕರೆಂಟ್ ಹರಿಯುವ ಸುರುಳಿಯೂ ಒಂದು ಮ್ಯಾಗ್ನೆಟ್ಟೇ. ನಮ್ಮ ಸರ್ ಆಗ ಕೇಳಿದ್ದು ಇಷ್ಟೇ: "ಎರಡರ ಮೇಲೂ ಬಟ್ಟೆ ಮುಚ್ಚಿ, ದೂರದಲ್ಲಿ ನಿಂತು ಕ್ಷೇತ್ರದ ಆಕಾರ ಮಾತ್ರ ಕೊಟ್ಟರೆ, ಒಳಗಿರುವುದು ಎರಡು ಚಾರ್ಜೋ, ಕರೆಂಟಿನ ಸುರುಳಿಯೋ ಹೇಳ್ತೀರಾ?"

ಹೇಳಕ್ಕಾಗಲ್ಲ. ಎರಡೂ ಡೈಪೋಲ್, ಅಂದರೆ ಎದುರು ಗುಣದ ಎರಡು ಕಡೆ ಇರುವ ವಸ್ತು. ದೂರದಲ್ಲಿ ಎರಡರ ಲೆಕ್ಕವೂ ಒಂದೇ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ದೂರದಲ್ಲಿ, ಡೈಪೋಲಿನ ಉದ್ದಕ್ಕೆ ನೇರವಾಗಿ ಸಿಗುವ ಕ್ಷೇತ್ರ ಅಡ್ಡಕ್ಕೆ ಸಿಗುವುದರ ಎರಡು ಪಟ್ಟು. ಡೈಪೋಲಿನ ದಿಕ್ಕು ಅಂದರೆ ಮೈನಸ್‌ನಿಂದ ಪ್ಲಸ್‌ಗೆ, ಮ್ಯಾಗ್ನೆಟ್ಟಿನಲ್ಲಿ ದಕ್ಷಿಣ ಧ್ರುವದಿಂದ ಉತ್ತರ ಧ್ರುವಕ್ಕೆ. ಅಡ್ಡಕ್ಕೆ ಸಿಗುವುದು ಅದಕ್ಕೆ ಉಲ್ಟಾ. ಮುಳ್ಳು ಎಷ್ಟು ತಿರುಗಿತು ಅಂತ ನೋಡುವ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರಿನಲ್ಲಿ, ಮ್ಯಾಗ್ನೆಟ್ಟನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟು, ಈ ಎರಡು ಪಟ್ಟನ್ನು ನಾವೆಲ್ಲ ಟ್ಯಾನ್ ಎ, ಟ್ಯಾನ್ ಬಿ ಅಂತ ಮಾಡಿದವರೇ. ಆದರೆ ಅದು ದೂರಕ್ಕೆ ಮಾತ್ರ ಸರಿ. ಧ್ರುವಗಳ ನಡುವೆ 10 ಸೆಂ.ಮೀ. ಅಂತರವಿರುವ ಮ್ಯಾಗ್ನೆಟ್ ತೆಗೆದುಕೊಳ್ಳಿ. 40 ಸೆಂ.ಮೀ. ದೂರದಲ್ಲಿ ಎರಡರ ಅನುಪಾತ ಲೆಕ್ಕದಲ್ಲಿ ಸುಮಾರು 2.1 ಬರುತ್ತದೆ, 20ಕ್ಕೆ ಬಂದರೆ ಸುಮಾರು 2.5. ರೆಕಾರ್ಡಿನಲ್ಲಿ ಎಲ್ಲರದ್ದೂ ಸರಿಯಾಗಿ 2 ಅಂತ ಇದ್ದರೆ ಹೇಗೆ ಬಂತು ಅಂತ ನಿಮಗೇ ಗೊತ್ತಲ್ವಾ.

ಹಾಗಾದರೆ ವ್ಯತ್ಯಾಸ ಎಲ್ಲಿ? ಒಳಗೆ. ಅದನ್ನು ಸರ್ ತೋರಿಸಿದ್ದು ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನಲ್ಲಿ. ಸುಮ್ನೆ ಕರೆಂಟ್ ಅಳೆಯುವ ಸಾಮಾನು ಅಂದುಕೊಂಡಿದ್ದ ಆ ತಂತಿ ಸುರುಳಿ ನಿಜಕ್ಕೂ ಒಂದು ಕಾಂತೀಯ ಡೈಪೋಲ್, ನಾವು ಅದರ ಹೊಟ್ಟೆಯೊಳಗೇ ದಿಕ್ಸೂಚಿಯ ಮುಳ್ಳು ಇಟ್ಟು ಓದುತ್ತೇವೆ. ಸುರುಳಿಯನ್ನು ಉತ್ತರ–ದಕ್ಷಿಣಕ್ಕೆ ನಿಲ್ಲಿಸಿ, ನಡುವಿನ ಮುಳ್ಳು ಪೂರ್ವಕ್ಕೆ 45 ಡಿಗ್ರಿ ತಿರುಗುವ ಹಾಗೆ ಕರೆಂಟ್ ಹೊಂದಿಸಿದರು. ಅಂದರೆ ನಡುವೆ ಸುರುಳಿಯ ಕ್ಷೇತ್ರವೂ ಭೂಮಿಯ ಕಾಂತಕ್ಷೇತ್ರದ ನೆಲಕ್ಕೆ ಸಮಾಂತರ ಭಾಗವೂ ಸಮ. ಆಮೇಲೆ ಇನ್ನೊಂದು ಪುಟ್ಟ ದಿಕ್ಸೂಚಿಯನ್ನು ಸುರುಳಿಯ ಹೊರಗೆ, ಅದೇ ಸಮತಲದಲ್ಲಿ, ಅದೇ ಎತ್ತರಕ್ಕೆ ಉತ್ತರದ ಕಡೆ ಹಿಡಿದರು. ಅದರ ಮುಳ್ಳು ಪಶ್ಚಿಮಕ್ಕೆ ಸರಿಯಿತು! ಸುರುಳಿಯ ನಡುವಿನಿಂದ ಅದರ ತ್ರಿಜ್ಯದ ಎರಡರಷ್ಟು ದೂರದಲ್ಲಿ ಲೆಕ್ಕದ ಪ್ರಕಾರ ಸುಮಾರು 5 ಡಿಗ್ರಿ ಸರಿಯಬೇಕು. ಜಾಸ್ತಿ ಏನಲ್ಲ, ಆದರೆ ಕಣ್ಣಿಗೆ ಕಾಣುತ್ತದೆ. ಅನುಮಾನ ಇದ್ದರೆ ಕರೆಂಟ್ ತಿರುಗಿಸಿ, ಎರಡು ಮುಳ್ಳೂ ಕಡೆ ಬದಲಾಯಿಸುತ್ತವೆ. ಕಬ್ಬಿಣದ ಸ್ಟೂಲ್ ಹತ್ತಿರವಿದ್ದು ಮುಳ್ಳು ಸರಿದಿದ್ದರೆ ಹಾಗೆ ಆಗಲ್ಲ.

ಈಗ ಎರಡು ಚಾರ್ಜುಗಳ ಡೈಪೋಲಿಗೆ ಇದೇ ಪರೀಕ್ಷೆ ಮಾಡಿ. ಪ್ಲಸ್ ಮತ್ತು ಮೈನಸ್ ನಡುವೆ ಸರಿಯಾಗಿ ಮಧ್ಯದಲ್ಲಿ ಒಂದು ಅಡ್ಡ ಸಮತಲ ಇದೆ ಅಂದುಕೊಳ್ಳಿ. ಎಲ್ಲ ಗೆರೆಗಳೂ ಪ್ಲಸ್‌ನಲ್ಲಿ ಹುಟ್ಟಿ ಮೈನಸ್‌ನಲ್ಲಿ ಸಾಯುತ್ತವೆ, ಹಾಗಾಗಿ ಅದನ್ನು ದಾಟುವ ಗೆರೆಗಳೆಲ್ಲ ಒಂದೇ ದಿಕ್ಕಿಗೆ ದಾಟುತ್ತವೆ. ನಡುವೆಯೂ ಅಷ್ಟೇ, ದೂರದಲ್ಲೂ ಅಷ್ಟೇ, ಎಲ್ಲ ಕಡೆ ಡೈಪೋಲಿಗೆ ಉಲ್ಟಾ. ಸುರುಳಿಯಲ್ಲಿ ಹಾಗೆ ಆಗುವ ಹಾಗೇ ಇಲ್ಲ. ಕಾಂತ ಗೆರೆಗೆ ಹುಟ್ಟುವ ಜಾಗವೂ ಇಲ್ಲ, ಸಾಯುವ ಜಾಗವೂ ಇಲ್ಲ. ಹೊರಗೆ ಎಷ್ಟು ಗೆರೆ ಹಿಂದಕ್ಕೆ ಬಂತೋ, ಅಷ್ಟೂ ಸುರುಳಿಯ ಒಳಗೆ ಮುಂದಕ್ಕೆ ಹೋಗಲೇಬೇಕು. ಹೊರಗೆ ಅಷ್ಟು ದೊಡ್ಡ ಬಯಲು, ಒಳಗೆ ಇಷ್ಟೇ ಜಾಗ. ಒಳಗಿನ ಕ್ಷೇತ್ರ ಅಷ್ಟು ಜೋರಾಗಿರುವುದು ಅದಕ್ಕೇ.

ಡೈಪೋಲ್ ಎಷ್ಟು ಚಿಕ್ಕದಾದರೂ ಈ ಒಳಗಿನ ಜಗಳ ಮುಗಿಯಲ್ಲ ಅನ್ನುವುದು ನನಗೆ ಎಂ.ಎಸ್ಸಿ.ಯಲ್ಲಿ ಹೈಡ್ರೋಜನ್ ಓದುವಾಗ ತಿಳಿದದ್ದು. ಪ್ರೋಟಾನ್ ಒಂದು ಪುಟಾಣಿ ಕಾಂತೀಯ ಡೈಪೋಲ್. ಎಲ್ಲಕ್ಕಿಂತ ಕಡಿಮೆ ಶಕ್ತಿಯ ಮಟ್ಟದ ಎಲೆಕ್ಟ್ರಾನ್ ಅದರ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುವುದರಿಂದ, ಹೊರಗಿನ ಕ್ಷೇತ್ರದ ಪರಿಣಾಮ ಸರಾಸರಿಯಲ್ಲಿ ಸೊನ್ನೆ. ಉಳಿಯುವುದು ಒಳಗಿನದು ಮಾತ್ರ. ಕರೆಂಟಿನ ಡೈಪೋಲಿಗೆ ಅದರ ಪಾಲು ಡೈಪೋಲಿನ ದಿಕ್ಕಿಗೇ, ಡೈಪೋಲಿನ ಬಲದ ಮೂರರಲ್ಲಿ ಎರಡು. ಎರಡು ಧ್ರುವ ಅಂಟಿಸಿ ಮಾಡಿದ ಡೈಪೋಲಾಗಿದ್ದರೆ ಉಲ್ಟಾ ದಿಕ್ಕಿಗೆ ಮೂರರಲ್ಲಿ ಒಂದು. ಈ ಒಳಗಿನ ಪಾಲು ಆ ಮಟ್ಟವನ್ನು ಮೇಲೆ–ಕೆಳಗೆ ಎರಡಾಗಿ ಒಡೆಯುತ್ತದೆ. ಖಗೋಳದವರು ಹುಡುಕುವ ಹೈಡ್ರೋಜನ್ನಿನ 21 ಸೆಂ.ಮೀ. ರೇಡಿಯೋ ಅಲೆ ಬರುವುದು ಆ ಎರಡರ ನಡುವಿನ ಅಂತರದಿಂದಲೇ. ಪ್ರೋಟಾನಿನಲ್ಲಿ ಧ್ರುವಗಳ ಜೋಡಿ ಇದ್ದಿದ್ದರೆ ಮೇಲಿನ ಮಟ್ಟ ಕೆಳಗೆ ಬಂದು, ಅಂತರ ಅರ್ಧವಾಗಿ, ಆ ಅಲೆ ಸುಮಾರು 42 ಸೆಂ.ಮೀ.ನಲ್ಲಿ ಸಿಗಬೇಕಿತ್ತು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್‌ಗೆ ಆಕಾಶದಿಂದ ಸಿಕ್ಕಿದ್ದು 21ರಲ್ಲೇ.