ಅಪ್ಪನ ಎಡಗಾಲಿಗೊಂದು ಹಿಮ್ಮಡಿ, ಬಲಗಾಲಿಗೊಂದು ಹಿಮ್ಮಡಿ

ಭಾನುವಾರ

ಡಿಸೆಂಬರ್ ಬಂತೆಂದರೆ ಚಿತ್ರದುರ್ಗದಲ್ಲಿ ಬೆಳಗಿನ ಗಾಳಿ ಚುಚ್ಚುತ್ತದೆ. ಅಪ್ಪ ಮಾತ್ರ ಚಂದ್ರವಳ್ಳಿ ಕಡೆ ವಾಕಿಂಗ್ ಬಿಡುವವರಲ್ಲ. ಹೋದ ವರ್ಷ ನಾನು ಹೆಣೆದು ಕೊಟ್ಟ ಕಾಲುಚೀಲವನ್ನು ಅವರು ನಾಲ್ಕೇ ದಿನ ಹಾಕಿಕೊಂಡರು. "ಚೆನ್ನಾಗೈತವ್ವ, ಆದ್ರೆ ಶೂ ಒಳಗೆ ಇಳಿದು ಹೋಗ್ತೈತೆ" ಅಂದರು. ಅದು ಶಾರ್ಟ್ ರೋ ಹಿಮ್ಮಡಿಯದು, ಅಂದರೆ ಸಾಲನ್ನು ಪೂರ್ತಿ ಮುಗಿಸದೆ ನಡುವೆಯೇ ತಿರುಗಿಸುತ್ತ ಬಟ್ಟಲಿನ ಹಾಗೆ ಹೆಣೆದದ್ದು. ಅಳತೆ ತಪ್ಪಿತಾ, ಹಿಮ್ಮಡಿಯ ವಿಧಾನವೇ ಅವರ ಕಾಲಿಗೆ ಆಗಿಬರಲಿಲ್ಲವಾ ಅಂತ ಗೊತ್ತಾಗಿರಲಿಲ್ಲ. ಅದಕ್ಕೇ ಈ ಸಲ ಎಡಗಾಲಿಗೆ ಹೀಲ್ ಫ್ಲಾಪ್, ಅಂದರೆ ಹಿಮ್ಮಡಿಯ ಹಿಂದೆ ಮೊದಲು ಒಂದು ಪಟ್ಟಿ ಹೆಣೆದು ಆಮೇಲೆ ತಿರುಗಿಸುವುದು, ಬಲಗಾಲಿಗೆ ಶಾರ್ಟ್ ರೋ. ಒಂದೇ ದಾರ, ಒಂದೇ ಕಡ್ಡಿ, ಒಂದೇ ಮನುಷ್ಯ.

ದಾರ ನಾಲ್ಕು ಎಳೆಯದು, ಮುಕ್ಕಾಲು ಉಣ್ಣೆ, ಕಾಲು ನೈಲಾನ್. ಅಪ್ಪನಿಗೆ ಅದು ಸಮಾಧಾನವಿಲ್ಲ. "ಚಳ್ಳಕೆರೆ ಕಂಬಳಿ ಉಣ್ಣೆ ಇರ್ವಾಗ ಇದೆಂಥದು?" ಅಂತ ಕೇಳಿದರು. ಕಂಬಳಿ ಉಣ್ಣೆ ಒರಟು, ಬರಿ ಚರ್ಮಕ್ಕೆ ಚುಚ್ಚುತ್ತೆ, ಹೊದೆಯೋದಕ್ಕೇ ಸರಿ ಅಂದೆ. ಒಪ್ಪಲಿಲ್ಲ, ಆದರೆ ಅಳತೆ ಕೊಡಲು ಕಾಲು ಚಾಚಿದರು.

ಪಾದದ ಸುತ್ತಳತೆ 23 ಸೆಂ.ಮೀ. ಹೋದ ವರ್ಷ ತೆಗೆದುಕೊಂಡದ್ದು ಇಷ್ಟೇ. ಈ ಸಲ ಇನ್ನೊಂದು ಅಳತೆಯನ್ನೂ ತೆಗೆದೆ. ಟೇಪನ್ನು ಹಿಮ್ಮಡಿಯ ತುದಿಯಿಂದ ಓರೆಯಾಗಿ ಮೇಲೆ ತಂದು, ಕಣಕಾಲು ಮಡಚುವ ಜಾಗದಲ್ಲಿ ಕೂಡಿಸಿದೆ. 34 ಸೆಂ.ಮೀ.! ನನ್ನ ಕಾಲಿಗೆ ಅದೇ ಅಳತೆ 29.5, ಪಾದದ ಸುತ್ತ 22. ಅಪ್ಪನ ಪಾದದ ಮೇಲ್ಭಾಗ ಗುಡ್ಡದ ಹಾಗೆ ಎದ್ದಿದೆ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಗುರುವಾರ, ಎಡಗಾಲು

2.5 ಮಿ.ಮೀ. ಕಡ್ಡಿಯಲ್ಲಿ ಇಂಚಿಗೆ 8 ಕುಣಿಕೆ ಬರುತ್ತಿದೆ. ಒಟ್ಟು 64 ಕುಣಿಕೆ ಹಾಕಿ, ಮೇಲಿನಿಂದ ಕೆಳಕ್ಕೆ ಹೆಣೆದು ಕಣಕಾಲಿಗೆ ಬಂದೆ. ಸುತ್ತಳತೆ 20 ಸೆಂ.ಮೀ. ಚಿಲ್ಲರೆ. ಪಾದಕ್ಕಿಂತ ಕಡಿಮೆಯೇ ಇರಬೇಕು, ಹಿಗ್ಗಿ ಹಿಡಿದುಕೊಂಡರೆ ಮಾತ್ರ ಕಾಲುಚೀಲ ನಿಲ್ಲುತ್ತದೆ.

ಫ್ಲಾಪ್‌ಗೆ ಅರ್ಧ, ಅಂದರೆ 32 ಕುಣಿಕೆ. ಉಳಿದ 32 ಪಾದದ ಮೇಲ್ಭಾಗಕ್ಕೆ, ಅವು ಸುಮ್ನೆ ಕಾಯುತ್ತಿರುತ್ತವೆ. ಮುಂಬದಿಯ ಸಾಲಿನಲ್ಲಿ ಒಂದು ಕುಣಿಕೆ ಹೆಣೆಯದೆ ದಾಟಿಸಿ, ಮುಂದಿನದನ್ನು ಸೀದಾ ಹೆಣೆಯುವುದು. ಹಿಂಬದಿಯಲ್ಲಿ ಮೊದಲನೆಯದನ್ನು ದಾಟಿಸಿ ಉಳಿದದ್ದೆಲ್ಲ ಉಲ್ಟಾ. ಹೀಗೆ 32 ಸಾಲು. ದಾಟಿಸಿದ ಕುಣಿಕೆಯ ಹಿಂದೆ ದಾರ ಅಡ್ಡಲಾಗಿ ಹೋಗುವುದರಿಂದ ಹಿಮ್ಮಡಿ ದಪ್ಪವಾಗುತ್ತದೆ, ಬೇಗ ಸವೆಯುವುದಿಲ್ಲ. ಅಂಚಿನಲ್ಲಿ 16 ದೊಡ್ಡ ಕುಣಿಕೆಗಳ ಸರಪಳಿ ಸಿಗುತ್ತದೆ.

ಈಗ ತಿರುವು. ಮೊದಲ ಸಾಲಿನಲ್ಲಿ 18 ಸೀದಾ, ಎರಡನ್ನು ಕೂಡಿಸಿ ಒಂದು, ಮತ್ತೆ ಒಂದು ಸೀದಾ, ಅಲ್ಲಿಗೇ ನಿಲ್ಲಿಸಿ ತಿರುಗಿಸಬೇಕು. 11 ಕುಣಿಕೆ ಕಡ್ಡಿಯಲ್ಲೇ ಉಳಿದಿರುತ್ತವೆ. ಅರ್ಧಕ್ಕೇ ಬಿಡುವುದಾ ಅಂತ ಹೊಸಬರಿಗೆ ಕೈ ನಡುಗುವುದು ಇಲ್ಲೇ. ಹಿಂಬದಿಯಲ್ಲಿ ಒಂದು ದಾಟಿಸಿ, 5 ಉಲ್ಟಾ, ಎರಡನ್ನು ಕೂಡಿಸಿ ಉಲ್ಟಾ, ಒಂದು ಉಲ್ಟಾ, ಮತ್ತೆ ತಿರುಗಿಸು. ಆಮೇಲೆ 5ರ ಜಾಗದಲ್ಲಿ 6, 7, 8... ಲೆಕ್ಕ ತಪ್ಪಿದರೂ ಹೆದರಬೇಕಿಲ್ಲ. ಹಿಂದೆ ತಿರುಗಿಸಿದ ಜಾಗದಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಆ ಸಂದಿನ ಆಚೀಚೆಯ ಎರಡು ಕುಣಿಕೆಗಳನ್ನೇ ಕೂಡಿಸುವುದು. ಕೊನೆಯ ಎರಡು ಸಾಲಿನಲ್ಲಿ ಕೂಡಿಸಿದ ಮೇಲೆ ಹೆಣೆಯಲು ಆ ಒಂದು ಕುಣಿಕೆ ಉಳಿದಿರುವುದಿಲ್ಲ, ಅದು ತಪ್ಪಲ್ಲ. ಬದಿಗೆ ಏಳೇಳು ಕಡಿಮೆಯಾಗಿ 32 ಹೋಗಿ 18 ಆಯಿತು. ಬಟ್ಟಲಿನ ಹಾಗೆ ಕೂತಿತು.

ಅಂಚಿನ ಸರಪಳಿಯಿಂದ ಒಂದೊಂದು ಬದಿಗೆ 16 ಕುಣಿಕೆ ಎತ್ತಿಕೊಂಡೆ. ಮೂಲೆಯಲ್ಲಿ ತೂತು ಬೀಳದ ಹಾಗೆ ಇನ್ನೊಂದೊಂದು. 18, 34, 32 ಕೂಡಿದರೆ 84. ಅಲ್ಲಿಂದ ಎರಡು ಸುತ್ತಿಗೊಮ್ಮೆ ಎರಡೆರಡು ಕಡಿಮೆ ಮಾಡುತ್ತ, 20 ಸುತ್ತಿನಲ್ಲಿ 64ಕ್ಕೆ ಇಳಿಸಿದೆ. ಈ ತ್ರಿಕೋನದ ಭಾಗವೇ ಗಸೆಟ್. ಅಪ್ಪನ ಪಾದ ಎಲ್ಲಿ ಗುಡ್ಡ ಏರುತ್ತದೋ ಅಲ್ಲೇ ಕಾಲುಚೀಲಕ್ಕೆ 20 ಕುಣಿಕೆ ಜಾಸ್ತಿ ಇವೆ.

ಮುಂದಿನ ಸೋಮವಾರ, ಬಲಗಾಲು

ಶಾರ್ಟ್ ರೋ ಮಾಡುವುದಕ್ಕೆ ಖುಷಿ. ಎತ್ತಿಕೊಳ್ಳುವ ತಲೆನೋವಿಲ್ಲ, ಗಸೆಟ್ ಇಲ್ಲ. 32 ಕುಣಿಕೆಯಲ್ಲಿ ಪ್ರತಿ ಸಾಲಿಗೂ ಒಂದನ್ನು ಬಿಡುತ್ತ ತಿರುಗಿಸುವುದು. ತಿರುಗಿಸಿದಾಗಲೆಲ್ಲ ಮೊದಲ ಕುಣಿಕೆಯನ್ನು ದಾಟಿಸಿ, ದಾರವನ್ನು ಅದರ ಮೇಲಿಂದ ಹಿಂದಕ್ಕೆ ಬಿಗಿಯಾಗಿ ಎಳೆದೆ. ಕುಣಿಕೆಗೆ ಎರಡು ಕಾಲು ಮೂಡುತ್ತದೆ, ಆಮೇಲೆ ಆ ಎರಡನ್ನೂ ಒಟ್ಟಿಗೆ ಹೆಣೆದರೆ ತೂತು ಮುಚ್ಚುತ್ತದೆ. ಬದಿಗೆ 11 ಬಿಟ್ಟು ಮಧ್ಯ 10 ಉಳಿದಾಗ, ಬಂದ ದಾರಿಯಲ್ಲೇ ಒಂದೊಂದಾಗಿ ಸೇರಿಸಿಕೊಳ್ಳುತ್ತ ವಾಪಸ್ಸು. ಒಂದೇ ಸಂಜೆಯಲ್ಲಿ ಹಿಮ್ಮಡಿ ಮುಗಿಯಿತು. ನೋಡಲು ಅಂಗಡಿಯ ಸಾಕ್ಸ್ ತರಹವೇ.

ಆದರೆ ಇಲ್ಲಿ 64 ಇದ್ದದ್ದು ಹಿಮ್ಮಡಿ ಮುಗಿದ ಮೇಲೂ 64ರಲ್ಲೇ ಮುಂದುವರಿಯುತ್ತದೆ. ಬಟ್ಟಲು ಸ್ವಲ್ಪ ಜಾಗ ಕೊಡುತ್ತೆ ನಿಜ, ಓರೆ ಸುತ್ತಿಗೆ ಬೇಕಾದ ಉಳಿದದ್ದನ್ನು ಬರಿ ಹಿಗ್ಗಿಯೇ ತುಂಬಬೇಕು.

ಶನಿವಾರ, ಪರೀಕ್ಷೆ

ಎರಡರ ಹಿಮ್ಮಡಿಯ ನಡುಮಧ್ಯಕ್ಕೂ ಕೆಂಪು ದಾರದ ಗುರುತು ಕಟ್ಟಿ ಅಪ್ಪನನ್ನು ವಾಕಿಂಗ್‌ಗೆ ಕಳಿಸಿದೆ. ಒಂದು ಗಂಟೆ ಬಿಟ್ಟು ಬಂದು ಜಗಲಿಯಲ್ಲಿ ಶೂ ಬಿಚ್ಚಿದರು. ಎಡಗಾಲಿನ ಗುರುತು ಇದ್ದಲ್ಲೇ ಇತ್ತು. ಬಲಗಾಲಿನದು ಅಂಗಾಲಿನ ಕಡೆಗೆ ಒಂದೂವರೆ ಸೆಂ.ಮೀ. ಜಾರಿತ್ತು. ಕಣಕಾಲಿನ ಮಡಿಕೆಯ ಮೇಲೆ ಅಡ್ಡಕ್ಕೆ ಗೆರೆ ಮೂಡಿತ್ತು. ಮುಂದೆ ಬಿಗಿಯಾದದ್ದೇ ಹಿಂದಿನ ಬಟ್ಟಲನ್ನು ಅಡಿಗೆ ಎಳೆದಿದೆ. ಹೋದ ವರ್ಷದ ದೂರು ಇದೇ. ನಾನು ಆಗ ಕಾಲಿನ ಭಾಗ ಸಡಿಲ ಅಂದುಕೊಂಡು ಅಂಚಿಗೆ ಎಲಾಸ್ಟಿಕ್ ಸೇರಿಸಿದ್ದೆ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಬುಧವಾರ

ಬಲಗಾಲನ್ನು ಹಿಮ್ಮಡಿಯವರೆಗೆ ಬಿಚ್ಚಿದೆ. ಈ ಸಲ ಅರ್ಧದ ಬದಲು ನೂರಕ್ಕೆ 60ರ ಲೆಕ್ಕದಲ್ಲಿ 38 ಕುಣಿಕೆಯ ಮೇಲೆ ಹಿಮ್ಮಡಿ. ಬದಿಗೆ 13, ಮಧ್ಯ 12. ಅರ್ಧ ಬಟ್ಟಲಿಗೆ 22 ಸಾಲಿದ್ದದ್ದು 26 ಆಯಿತು, ಆಳ 5 ಸೆಂ.ಮೀ. ಇದ್ದದ್ದು ಸುಮಾರು 6ಕ್ಕೆ ಬಂತು. ಮೂಲೆಯಲ್ಲಿ ಬಿದ್ದ ತೂತಿಗೆ ಅಲ್ಲಿನ ಅಡ್ಡ ಎಳೆಯನ್ನು ಎತ್ತಿ ಪಕ್ಕದ ಕುಣಿಕೆಯ ಜೊತೆ ಹೆಣೆದೆ.

ಭಾನುವಾರ

ಗುರುತು ಅರ್ಧ ಸೆಂ.ಮೀ. ಮಾತ್ರ ಜಾರಿದೆ. ಗೆರೆ ತೆಳುವಾಗಿದೆ, ಹೋಗಿಲ್ಲ. ಹಿಮ್ಮಡಿಗೆ ಮುಂಚೆ ಬದಿಗೆ ನಾಲ್ಕು ನಾಲ್ಕು ಕುಣಿಕೆ ಹೆಚ್ಚಿಸಿ, ಆಮೇಲೆ ಕಡಿಮೆ ಮಾಡಿದರೆ ಅದೂ ಹೋಗಬಹುದು. ಆದರೆ ಗಸೆಟ್ ಬೇಡ ಅಂತ ಶಾರ್ಟ್ ರೋ ಹಿಡಿದು, ಕೊನೆಗೆ ಪುಟ್ಟ ಗಸೆಟ್ ಹಾಕುವುದಾದರೆ ಫ್ಲಾಪ್ ಏನು ತಪ್ಪು ಮಾಡಿತ್ತು? ಅದರಲ್ಲಿ ಇನ್ನೂ ಎತ್ತರ ಬೇಕಾದರೆ 36 ಸಾಲು ಮಾಡಿದರಾಯಿತು, ಎತ್ತಿಕೊಳ್ಳಲು ಬದಿಗೆ 18 ಸಿಗುತ್ತವೆ.

ಇನ್ನೊಂದು ತಮಾಷೆ. ಎಡಗಾಲಿನ ಫ್ಲಾಪನ್ನು ನಾನೇ ಹಾಕಿ ನೋಡಿದೆ. ನನ್ನ ಚಪ್ಪಟೆ ಪಾದಕ್ಕೆ ಗಸೆಟ್ ಎರಡೂ ಬದಿಗೆ ಜೋಲುಬಿದ್ದಿತು, ಶೂ ಒಳಗೆ ನೆರಿಗೆ. ಬಲಗಾಲಿನದನ್ನು, ಅದೂ 32 ಕುಣಿಕೆಯ ಮೊದಲ ರೂಪದಲ್ಲಿದ್ದಾಗ ಹಾಕಿದ್ದೆ. ಚರ್ಮದ ಹಾಗೆ ಹಿಡಿದಿತ್ತು. ನನ್ನದಕ್ಕೆ ಶಾರ್ಟ್ ರೋ, ಅಪ್ಪನದಕ್ಕೆ ಫ್ಲಾಪ್.

ಬಲಗಾಲನ್ನು ಮತ್ತೆ ಬಿಚ್ಚಿ ಫ್ಲಾಪ್ ಹಾಕಲೆಂದು ಕೇಳಿದೆ. ಅಪ್ಪ ಕೊಡಲಿಲ್ಲ. "ಎರಡನೇ ಸಲ ಬಿಚ್ತೀಯಾ? ಅಷ್ಟರಲ್ಲಿ ಚಳಿಗಾಲನೇ ಮುಗಿದ್ಹೋಗ್ತೈತೆ" ಅಂತ ಎರಡನ್ನೂ ಹಾಕಿಕೊಂಡು ಹೊರಟರು. ಇನ್ನೂ 30 ಗ್ರಾಂ ದಾರ ಉಳಿದಿದೆ, ಒಂದು ಬಲಗಾಲಿಗೆ ಸಾಲದು. ಇನ್ನೊಂದು ಉಂಡೆಗೆ ಆರ್ಡರ್ ಹಾಕಿದ್ದೇನೆ.